ನೆಗೆಟಿವ್ ಸ್ಯಾಂಪ್ಲಿಂಗ್: ಇಡೀ ಪದಪಟ್ಟಿಯನ್ನು ಮುಟ್ಟದೆ ಪದ ವೆಕ್ಟರ್ ಕಲಿಸುವುದು ಹೇಗೆ

ಪುಣೆಯ ವಾಕಡ್‌ನಲ್ಲಿ ಭಾನುವಾರ ಬೆಳಿಗ್ಗೆ ನಾವು ಆರೇಳು ಮಂದಿ ಕನ್ನಡದವರು ಒಬ್ಬರ ಮನೆಯಲ್ಲಿ ಸೇರುತ್ತೇವೆ. ಚಹಾ ಕುಡಿಯುತ್ತಾ ಏನಾದರೂ ಪ್ರೋಗ್ರಾಮ್ ಬರೆಯುವುದು ರೂಢಿ. ಈ ಸಲ ಸ್ಕಿಪ್‌ಗ್ರಾಮ್ ತೆಗೆದುಕೊಂಡೆವು. ಒಂದು ಪದದ ಪಕ್ಕ ಯಾವ ಪದ ಬರುತ್ತದೆ ಎಂದು ಊಹಿಸುತ್ತಾ, ಪ್ರತಿ ಪದಕ್ಕೂ ಅಂಕಿಗಳ ಒಂದು ಸಾಲು, ಅಂದರೆ ವೆಕ್ಟರ್, ಕಲಿಸುವ ವಿಧಾನ ಅದು. ನಾಲ್ಕು ಜನ ಕೋಡ್ ಬರೆದು ತಂದರು. ನಾಲ್ಕೂ ಓಡಿದವು, ಆದರೆ ನಾಲ್ಕೂ ಆಮೆಯಂತೆ ಓಡಿದವು.

ಕಾರಣ ನಾಲ್ವರದ್ದೂ ಒಂದೇ. ನೆಗೆಟಿವ್ ಸ್ಯಾಂಪ್ಲಿಂಗ್ ಹಾಕಿ, ಇಡೀ ಪದಪಟ್ಟಿಯ ಮೇಲೆ ಸಂಭವ ಲೆಕ್ಕ ಹಾಕುವ ಸಾಫ್ಟ್‌ಮ್ಯಾಕ್ಸನ್ನು ಮುಂಬಾಗಿಲಿಂದ ಹೊರಗೆ ಕಳಿಸಿದ್ದರು, ಅದರ ಖರ್ಚು ಮಾತ್ರ ಹಿತ್ತಲ ಬಾಗಿಲಿಂದ ಒಳಗೆ ಬಂದು ಕೂತಿತ್ತು. ಆ ಹಿತ್ತಲ ಬಾಗಿಲುಗಳು ಎಲ್ಲೆಲ್ಲಿವೆ ಎಂದು ತೋರಿಸುವುದಕ್ಕೇ ಈ ಬರಹ.

ಬೇಕಾಗುವುದು ಇಷ್ಟೇ: ಪೈಥಾನ್, `numpy`, ಕೆಲವು ಲಕ್ಷ ಪದಗಳಷ್ಟು ಕನ್ನಡ ಪಠ್ಯ, ಕೈಲೆಕ್ಕಕ್ಕೆ ಒಂದು ಕಾಗದ. ಕಾಗದ ಯಾಕೆ ಅಂತ 5ನೇ ಹಂತದಲ್ಲಿ ಗೊತ್ತಾಗುತ್ತದೆ.

## 1. ಮೊದಲು ಪದಗಳನ್ನು ಸರಿಯಾಗಿ ಕತ್ತರಿಸಿ

ಇಂಗ್ಲಿಷ್ ಪಠ್ಯಕ್ಕೆ ಬರೆದ ಕೋಡನ್ನು ಹಾಗೇ ತಂದರೆ ಅದರಲ್ಲಿ `\w+` ಇರುತ್ತದೆ. ಕನ್ನಡಕ್ಕೆ ಅದು ವಿಷ. ಪೈಥಾನಿನ `re` ನಮ್ಮ ಗುಣಿತದ ಚಿಹ್ನೆಗಳನ್ನೂ ಅರ್ಧಾಕ್ಷರದ ಚಿಹ್ನೆಯನ್ನೂ ಅಕ್ಷರ ಎಂದು ಒಪ್ಪುವುದಿಲ್ಲ. ‘ಇಡ್ಲಿ’ ಕೊಟ್ಟರೆ ‘ಇಡ’, ‘ಲ’ ಎಂದು ಎರಡು ತುಂಡು ವಾಪಸ್ ಬರುತ್ತದೆ. ಪ್ರೋಗ್ರಾಮ್ ಒಂದೂ ದೂರು ಹೇಳದೆ ಕೊನೆವರೆಗೂ ಓಡುತ್ತದೆ. ಅದೇ ದೊಡ್ಡ ಅಪಾಯ.

```python
text = text.replace('\u200c', '').replace('\u200d', '')
words = re.findall(r'[\u0C80-\u0CFF]+', text)
```

ಮೊದಲ ಸಾಲು ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು ತೆಗೆಯುತ್ತದೆ. ‘ಸಾಫ್ಟ್‌ವೇರ್’ ಥರದ ಪದವನ್ನು ಒಬ್ಬರು ಆ ಚಿಹ್ನೆ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ತೆಗೆಯದಿದ್ದರೆ ಒಂದೇ ಪದ ಎರಡಾಗಿ ಎಣಿಕೆಯಾಗುತ್ತದೆ. ಪದಪಟ್ಟಿಯ ಮೊದಲ 50 ಪದಗಳನ್ನು ಒಮ್ಮೆ ಕಣ್ಣಾರೆ ನೋಡಿ. ‘ಲ’, ‘ದ’, ‘ರ’ ಎಂಬ ಒಂಟಿ ಅಕ್ಷರಗಳೇ ತುಂಬಿದ್ದರೆ ಮುಂದೆ ಹೋಗಬೇಡಿ.

ಐದಕ್ಕಿಂತ ಕಡಿಮೆ ಸಲ ಬಂದ ಪದಗಳನ್ನು ಬಿಟ್ಟುಬಿಡುವುದು ವಾಡಿಕೆ. ಪಠ್ಯ ತೀರಾ ಚಿಕ್ಕದಿದ್ದರೆ ಮೂರಕ್ಕೆ ಇಳಿಸಿ.

## 2. ಜೋಡಿ ಮಾಡಿ, ಆದರೆ ಅದಕ್ಕೂ ಮುಂಚೆ ಜಾಸ್ತಿ ಬರುವ ಪದಗಳನ್ನು ತೆಳುಮಾಡಿ

ಇಡೀ ಬರಹಕ್ಕೆ ಒಂದೇ ವಾಕ್ಯ ಇಟ್ಟುಕೊಳ್ಳೋಣ: ‘ಮಾಟುಂಗಾದಲ್ಲಿ ಇಳಿದು ಬಿಸಿ ಇಡ್ಲಿ ಸಾಂಬಾರ್ ತಿಂದೆವು.’

ನಡು ಪದ ‘ಇಡ್ಲಿ’, ವಿಂಡೋ 2 ಅಂದರೆ ಎಡಕ್ಕೆ ಎರಡು, ಬಲಕ್ಕೆ ಎರಡು ಪದ. ಆಗ ನಾಲ್ಕು ಜೋಡಿ ಸಿಗುತ್ತವೆ: ಇಡ್ಲಿ–ಇಳಿದು, ಇಡ್ಲಿ–ಬಿಸಿ, ಇಡ್ಲಿ–ಸಾಂಬಾರ್, ಇಡ್ಲಿ–ತಿಂದೆವು. ಇವು ನಿಜವಾದ ಜೋಡಿಗಳು.

‘ಮತ್ತು’, ‘ಒಂದು’, ‘ಈ’ ಎಲ್ಲರ ಪಕ್ಕದಲ್ಲೂ ಕೂರುತ್ತವೆ. ಹಾಗಾಗಿ ಅವುಗಳಿಂದ ತಿಳಿಯುವುದು ಕಡಿಮೆ. ಒಂದು ಪದ ಪಠ್ಯದಲ್ಲಿ `f` ಪಾಲು ಇದ್ದರೆ, ಅದು ಬಂದ ಪ್ರತಿ ಸಲವೂ ಅದನ್ನು `sqrt(t/f)` ಸಂಭವದಲ್ಲಿ ಮಾತ್ರ ಉಳಿಸಿಕೊಳ್ಳುತ್ತೇವೆ. `t` ನಾವೇ ಆರಿಸುವ ಮಿತಿ. ಅದನ್ನು 0.0001 ಇಟ್ಟು, ಪದ ಪಠ್ಯದ 1% ಇದ್ದರೆ ಹತ್ತರಲ್ಲಿ ಒಂದು ಸಲ ಉಳಿಯುತ್ತದೆ. ಲೆಕ್ಕ ಒಂದಕ್ಕಿಂತ ಜಾಸ್ತಿ ಬಂದರೆ ಪದವನ್ನು ಮುಟ್ಟುವುದೇ ಇಲ್ಲ.

ಈ ತೆಳುಮಾಡುವ ಕೆಲಸ ಜೋಡಿ ಮಾಡುವುದಕ್ಕಿಂತ ಮುಂಚೆ ಆಗಬೇಕು. ನಡುವಿನ ‘ಒಂದು’ ಉದುರಿಹೋದರೆ ಅದರಾಚೆಯ ಪದ ವಿಂಡೋ ಒಳಗೆ ಬರುತ್ತದೆ. ಜೋಡಿ ಮಾಡಿದ ಮೇಲೆ ಉದುರಿಸಿದರೆ ಈ ಲಾಭ ಸಿಗುವುದಿಲ್ಲ. ಪ್ರತಿ ಸುತ್ತಿಗೂ ಹೊಸದಾಗಿ ಉದುರಿಸಿ, ಒಂದೇ ಸಲ ಉದುರಿಸಿ ಇಟ್ಟುಕೊಳ್ಳಬೇಡಿ.

## 3. ಕೇಳುವ ಪ್ರಶ್ನೆಯನ್ನೇ ಬದಲಿಸಿ

ಸಾಫ್ಟ್‌ಮ್ಯಾಕ್ಸ್ ಕೇಳುವ ಪ್ರಶ್ನೆ: ‘ಇಡ್ಲಿಯ ಪಕ್ಕ 50,000 ಪದಗಳಲ್ಲಿ ಯಾವುದು ಬರುತ್ತದೆ?’ ಉತ್ತರಕ್ಕೆ ಎಲ್ಲ ಪದಗಳ ಅಂಕ ಬೇಕು. ಅಂಕ ಅಂದರೆ ಎರಡು ವೆಕ್ಟರುಗಳ ಅಂಕಿಗಳನ್ನು ಸ್ಥಾನಕ್ಕೆ ಸ್ಥಾನ ಗುಣಿಸಿ ಕೂಡಿದ್ದು. ಎಲ್ಲವನ್ನೂ ಕೂಡಿ, ಆ ಮೊತ್ತದಿಂದ ಭಾಗಿಸಿದರೆ ತಾನೇ ಸಂಭವ ಸಿಗುವುದು? ವೆಕ್ಟರಿನ ಉದ್ದ 100 ಇದ್ದರೆ ಒಂದೇ ಜೋಡಿಗೆ 50 ಲಕ್ಷ ಗುಣಾಕಾರ. ಆಮೇಲೆ ಎಲ್ಲ 50,000 ಪದಗಳನ್ನೂ ಒಂದಿಷ್ಟು ತಿದ್ದಬೇಕು.

ನೆಗೆಟಿವ್ ಸ್ಯಾಂಪ್ಲಿಂಗ್ ಕೇಳುವುದೇ ಬೇರೆ: ‘ಇಡ್ಲಿ–ಸಾಂಬಾರ್, ಈ ಜೋಡಿ ನಿಜವಾ, ಸುಳ್ಳಾ?’ ಒಂದು ನಿಜ ಜೋಡಿ ಕೊಟ್ಟು, ಜೊತೆಗೆ `k` ಸುಳ್ಳು ಜೋಡಿಗಳನ್ನು ನಾವೇ ಹುಟ್ಟಿಸಿ ಕೊಡುತ್ತೇವೆ. `k` ಐದಾದರೆ ಒಟ್ಟು ಆರು ಅಂಕ, 600 ಗುಣಾಕಾರ. ಇಲ್ಲಿ ಹೌದು–ಅಲ್ಲ ಮಾತ್ರ ಇರುವುದರಿಂದ, ಅಂಕವನ್ನು 0 ಮತ್ತು 1ರ ನಡುವೆ ತರುವ ಸಿಗ್ಮಾಯ್ಡ್ ಸಾಕು. ಅದಕ್ಕೆ ಬೇರೆ ಪದಗಳ ಮೊತ್ತ ಬೇಡ. ಪದಪಟ್ಟಿ 50,000 ಇರಲಿ, 5 ಲಕ್ಷ ಇರಲಿ, ಆರು ಆರೇ.

ಒಂದು ಜೋಡಿಯ ಲಾಸ್, ಅಂದರೆ ತಪ್ಪಿನ ಅಳತೆ, ಹೀಗಿರುತ್ತದೆ:

```
L = -log σ(u_o · v_c) - Σ log σ(-u_n · v_c)
```

`v_c` ನಡು ಪದದ ವೆಕ್ಟರ್, `u_o` ನಿಜವಾದ ಪಕ್ಕದ ಪದದ್ದು, `u_n` ಸುಳ್ಳು ಪದದ್ದು, `σ` ಅಂದರೆ ಸಿಗ್ಮಾಯ್ಡ್. ಪ್ರತಿ ಪದಕ್ಕೂ ಎರಡು ವೆಕ್ಟರ್ ಇರುತ್ತವೆ ಎನ್ನುವುದನ್ನು ಮರೆಯಬೇಡಿ. `V` ಒಂದು ಕೋಷ್ಟಕ, `U` ಇನ್ನೊಂದು.

ಸುಳ್ಳು ಜೋಡಿ ಯಾಕೆ ಬೇಕೇ ಬೇಕು? ಬರೀ ನಿಜ ಜೋಡಿ ತೋರಿಸಿದರೆ ಪ್ರೋಗ್ರಾಮ್ ಸುಲಭದ ದಾರಿ ಹಿಡಿಯುತ್ತದೆ. ಎಲ್ಲ ವೆಕ್ಟರುಗಳನ್ನೂ ಒಂದೇ ದಿಕ್ಕಿಗೆ ತಿರುಗಿಸಿ, ಎಲ್ಲದಕ್ಕೂ ‘ನಿಜ’ ಎನ್ನುತ್ತದೆ. ಲಾಸ್ ಸೊನ್ನೆಯ ಹತ್ತಿರ ಹೋಗುತ್ತದೆ, ನೀವು ಖುಷಿಪಡುತ್ತೀರಿ. ನೋಡಿದರೆ ಇಡ್ಲಿಗೂ ಛತ್ರಿಗೂ 0.99 ಹೋಲಿಕೆ.

## 4. ಸುಳ್ಳು ಪದಗಳ ಗುಡ್ಡೆ ಮೊದಲೇ ಮಾಡಿಟ್ಟುಕೊಳ್ಳಿ

ಸುಳ್ಳು ಪದಗಳನ್ನು ಎಲ್ಲಿಂದ ಆರಿಸುವುದು? ಎಲ್ಲ ಪದಗಳಿಗೂ ಸಮಾನ ಅವಕಾಶ ಕೊಟ್ಟರೆ, ಯಾರೂ ಕೇಳದ ಪದಗಳೇ ಜಾಸ್ತಿ ಬಂದು ಪರೀಕ್ಷೆ ತೀರಾ ಸುಲಭವಾಗುತ್ತದೆ. ಪಠ್ಯದಲ್ಲಿ ಎಷ್ಟು ಸಲ ಬಂದಿದೆಯೋ ಅಷ್ಟೇ ಪಾಲು ಕೊಟ್ಟರೆ ‘ಮತ್ತು’ ಬಿಟ್ಟು ಬೇರೆ ಏನೂ ಬರುವುದಿಲ್ಲ ಅನ್ನಿಸಿಬಿಡುತ್ತದೆ. 2013ರಲ್ಲಿ ಈ ವಿಧಾನವನ್ನು ತಂದ ಮಿಕೊಲೊವ್ ಮತ್ತು ಜೊತೆಗಾರರು ಪ್ರಯೋಗ ಮಾಡಿ ನಡುವಿನ ದಾರಿ ಹಿಡಿದರು. ಎಣಿಕೆಯನ್ನು 0.75 ಘಾತಕ್ಕೆ ಏರಿಸಿದರು. ‘ಮತ್ತು’ 10,000 ಸಲ, ‘ಕಾವಲಿ’ 10 ಸಲ ಬಂದಿದ್ದರೆ 1000 ಪಟ್ಟು ಇದ್ದ ಅಂತರ ಸುಮಾರು 178 ಪಟ್ಟಿಗೆ ಇಳಿಯುತ್ತದೆ.

ಇಲ್ಲೇ ಮೊದಲ ಹಿತ್ತಲ ಬಾಗಿಲು. ನಮ್ಮ ನಾಲ್ವರಲ್ಲಿ ಇಬ್ಬರು ಪ್ರತಿ ಜೋಡಿಗೂ `rng.choice(n, 5, p=p)` ಎಂದು ಬರೆದಿದ್ದರು. ನೋಡಲು ಚೆಂದ. ಆದರೆ ಆ ಒಂದು ಸಾಲು ಪ್ರತಿ ಸಲವೂ ಇಡೀ `p` ಪಟ್ಟಿಯನ್ನು ತಲೆಯಿಂದ ಬಾಲದವರೆಗೆ ಕೂಡಿಕೊಂಡು ಬರುತ್ತದೆ. ಐದು ಪದ ಎತ್ತಲು 50,000 ಪದಗಳ ಮೆರವಣಿಗೆ. ಉಳಿಸಿದ್ದೆಲ್ಲ ಅಲ್ಲೇ ಖರ್ಚು.

ಪರಿಹಾರ ಸರಳ. ಒಂದೇ ಸಲ ದೊಡ್ಡ ಗುಡ್ಡೆ ಎತ್ತಿಟ್ಟುಕೊಳ್ಳಿ, ಆಮೇಲೆ ಅದರಿಂದ ಐದೈದೇ ತೆಗೆಯುತ್ತಾ ಹೋಗಿ. ಗುಡ್ಡೆ ಖಾಲಿಯಾದಾಗ ಮತ್ತೆ ಎತ್ತಿ. ಕೆಳಗಿನ `counts` ಅಂದರೆ ಪ್ರತಿ ಪದದ ಎಣಿಕೆ ಇರುವ `numpy` ಪಟ್ಟಿ.

```python
p = counts ** 0.75
p /= p.sum()
pool = rng.choice(len(p), size=1_000_000, p=p)
```

ಎತ್ತಿದ ಐದರಲ್ಲಿ ನಿಜವಾದ ಪಕ್ಕದ ಪದವೇ ಬಂದುಬಿಟ್ಟರೆ? ಅದನ್ನು ಬಿಟ್ಟು ಮುಂದೆ ಹೋಗಿ. ಒಂದೇ ಉಸಿರಿನಲ್ಲಿ ‘ಸಾಂಬಾರ್ ನಿಜ’, ‘ಸಾಂಬಾರ್ ಸುಳ್ಳು’ ಎನ್ನುವುದು ಬೇಡ. ಆದರೆ ‘ಬಿಸಿ’ ಕೂಡ ಇಡ್ಲಿಯ ಪಕ್ಕದ ಪದ ತಾನೇ, ಅದನ್ನೂ ತಡೆಯಬೇಕಲ್ಲ ಎಂದು ನಮ್ಮಲ್ಲೊಬ್ಬರು ಇಡೀ ಪಠ್ಯದ ಜೋಡಿಗಳ ಪಟ್ಟಿ ಮಾಡಿ ಹುಡುಕಲು ಹೊರಟರು. ಬೇಡ. ಅಪರೂಪಕ್ಕೆ ಹಾಗಾಗುವುದು ಲೆಕ್ಕದ ಒಳಗೇ ಇದೆ. ನಿಜವಾಗಿ ಒಟ್ಟಿಗೆ ಬರುವ ಜೋಡಿಗೆ ಎತ್ತುವ ಕೈಗಳು ತಳ್ಳುವ ಕೈಗಳಿಗಿಂತ ಜಾಸ್ತಿ ಇರುತ್ತವೆ.

`k` ಎಷ್ಟಿರಬೇಕು? ಚಿಕ್ಕ ಪಠ್ಯಕ್ಕೆ 5ರಿಂದ 20, ದೊಡ್ಡದಕ್ಕೆ 2ರಿಂದ 5 ಸಾಕು ಎನ್ನುವುದು ಅದೇ 2013ರ ಸಲಹೆ. ನಮ್ಮಂಥ ಕೆಲವು ಲಕ್ಷ ಪದಗಳ ಪಠ್ಯಕ್ಕೆ ನಾನು 10ರಿಂದ ಶುರುಮಾಡುತ್ತೇನೆ.

## 5. ಒಂದು ಹೆಜ್ಜೆಯನ್ನು ಕಾಗದದ ಮೇಲೆ ಮಾಡಿ

ಇದನ್ನು ಹಾರಿಸಿ ಹೋದವರೇ ವಾಪಸ್ ಬಂದು ಕೇಳುವುದು. ಎರಡು ಅಂಕಿಯ ವೆಕ್ಟರ್, ಎರಡು ಸುಳ್ಳು ಪದ, ಲರ್ನಿಂಗ್ ರೇಟ್ 0.1 ಇಟ್ಟುಕೊಳ್ಳಿ. 0.1 ಇಲ್ಲಿ ಬದಲಾವಣೆ ಕಣ್ಣಿಗೆ ಕಾಣಲಿ ಅಂತ ಮಾತ್ರ.

```
v ಇಡ್ಲಿ     = ( 0.5, -0.2)
u ಸಾಂಬಾರ್  = ( 0.4,  0.1)   ನಿಜ
u ಲೋಕಲ್   = ( 0.6, -0.5)   ಸುಳ್ಳು
u ಛತ್ರಿ     = (-0.3,  0.2)   ಸುಳ್ಳು
```

ಮೊದಲು ಅಂಕ. ಇಡ್ಲಿ–ಸಾಂಬಾರ್ 0.18, ಇಡ್ಲಿ–ಲೋಕಲ್ 0.40, ಇಡ್ಲಿ–ಛತ್ರಿ −0.19. ಸದ್ಯಕ್ಕೆ ಪ್ರೋಗ್ರಾಮಿನ ಪ್ರಕಾರ ಇಡ್ಲಿಗೆ ಸಾಂಬಾರಿಗಿಂತ ಲೋಕಲ್ ಟ್ರೇನೇ ಹತ್ತಿರ.

ಸಿಗ್ಮಾಯ್ಡ್ ಹಾಕಿದರೆ 0.5449, 0.5987, 0.4526. ಬರಬೇಕಾದ ಉತ್ತರ 1, 0, 0. ಬರಬೇಕಾದದ್ದರಿಂದ ಬಂದದ್ದನ್ನು ಕಳೆಯಿರಿ: 0.4551, −0.5987, −0.4526. ಈ ಮೂರು ಅಂಕಿಗಳೇ ಎಲ್ಲ ಕೆಲಸ ಮಾಡುವುದು. ಗುರುತು ನೋಡಿ: ನಿಜವಾದದ್ದಕ್ಕೆ ಕೂಡು, ಸುಳ್ಳಿಗೆ ಕಳೆ. ಎಷ್ಟು ದೊಡ್ಡ ತಪ್ಪೋ ಅಷ್ಟು ದೊಡ್ಡ ನೂಕು. ಹಾಗಾಗಿ ಲೋಕಲ್‌ಗೆ ಎಲ್ಲಕ್ಕಿಂತ ಜೋರು ಪೆಟ್ಟು.

ಈಗ ಇಡ್ಲಿಯ ವೆಕ್ಟರನ್ನು ಎಷ್ಟು ಸರಿಸಬೇಕು? ಪ್ರತಿ `u` ವೆಕ್ಟರನ್ನು ಅದರ ಅಂಕಿಯಿಂದ ಗುಣಿಸಿ ಮೂರನ್ನೂ ಕೂಡಿ:

```
 0.4551 × ( 0.4,  0.1) = ( 0.1820,  0.0455)
-0.5987 × ( 0.6, -0.5) = (-0.3592,  0.2994)
-0.4526 × (-0.3,  0.2) = ( 0.1358, -0.0905)
ಮೊತ್ತ                  = (-0.0414,  0.2543)
```

ಇದರ ಹತ್ತನೇ ಒಂದು ಭಾಗ ಸೇರಿಸಿದರೆ ಹೊಸ ಇಡ್ಲಿ (0.4959, −0.1746).

`u` ವೆಕ್ಟರುಗಳನ್ನು ತಿದ್ದುವಾಗ ಹಳೆಯ ಇಡ್ಲಿಯನ್ನೇ ಬಳಸಿ. ಪ್ರತಿಯೊಂದಕ್ಕೂ ಅದರ ಅಂಕಿ × 0.1 × (0.5, −0.2) ಸೇರಿಸಿದರೆ ಸಾಂಬಾರ್ (0.4228, 0.0909), ಲೋಕಲ್ (0.5701, −0.4880), ಛತ್ರಿ (−0.3226, 0.2091) ಆಗುತ್ತವೆ.

ಮತ್ತೆ ಅಂಕ ಹಾಕಿ. ಸಾಂಬಾರ್ 0.18ರಿಂದ 0.194ಕ್ಕೆ ಏರಿತು. ಲೋಕಲ್ 0.40ರಿಂದ 0.368ಕ್ಕೆ ಇಳಿಯಿತು. ಛತ್ರಿ −0.19ರಿಂದ −0.196 ಆಯಿತು. ಲಾಸ್ 2.123 ಇದ್ದದ್ದು 2.095. ಈ ಹೆಜ್ಜೆಯಲ್ಲಿ ನಾವು ಮುಟ್ಟಿದ್ದು ನಾಲ್ಕೇ ವೆಕ್ಟರ್. ಪದಪಟ್ಟಿಯ ಉಳಿದ ಪದಗಳಿಗೆ ಇದರ ಸುದ್ದಿಯೇ ಇಲ್ಲ.

ಈ ಕಾಗದವನ್ನು ಎಸೆಯಬೇಡಿ. ಮುಂದಿನ ಹಂತದ ಕೋಡಿಗೆ ಇದೇ ಪರೀಕ್ಷೆ.

## 6. ಅದೇ ಹೆಜ್ಜೆಯನ್ನು ಕೋಡಿಗೆ ಇಳಿಸಿ

```python
def step(c, o, negs, V, U, lr):
    idx = np.array([o] + list(negs))
    y = np.zeros(len(idx)); y[0] = 1
    v = V[c].copy()
    u = U[idx]
    s = 1 / (1 + np.exp(-(u @ v)))
    g = lr * (y - s)
    V[c] += g @ u
    np.add.at(U, idx, np.outer(g, v))
```

ಎರಡು ಜಾಗದಲ್ಲಿ ನಿಧಾನಿಸಿ.

ಮೊದಲನೆಯದು `.copy()`. ಅದಿಲ್ಲದೆ `v = V[c]` ಎಂದು ಬರೆದರೆ `v` ಬೇರೆ ಪ್ರತಿಯಲ್ಲ, ಅದೇ ಸಾಲಿಗೆ ಇನ್ನೊಂದು ಹೆಸರು ಅಷ್ಟೇ. `V[c]` ತಿದ್ದಿದ ಕೂಡಲೇ `v` ಕೂಡ ಬದಲಾಗಿ, ಕೊನೆಯ ಸಾಲು ಹೊಸ ಇಡ್ಲಿಯನ್ನು ಬಳಸುತ್ತದೆ. ಸುಳ್ಳು ಹೇಳುವುದಿಲ್ಲ, ಇದರಿಂದ ಫಲಿತಾಂಶ ಹಾಳಾಗುವುದು ಕಡಿಮೆ. ಆದರೆ ಕಾಗದದ ಲೆಕ್ಕಕ್ಕೂ ಕೋಡಿಗೂ ತಾಳೆಯಾಗುವುದಿಲ್ಲ. ನಾನೇ ಒಂದು ಸಂಜೆ ಪೂರ್ತಿ ಲೋಕಲ್‌ನ ಅಂಕಿ ಯಾಕೆ ಕೊಂಚ ಬೇರೆ ಬರುತ್ತಿದೆ ಎಂದು ತಲೆ ಕೆರೆದುಕೊಂಡು ಕೂತಿದ್ದೆ.

ಎರಡನೆಯದು `np.add.at`. ಇದರ ಬದಲು `U[idx] += ...` ಎಂದರೆ, `idx` ಒಳಗೆ ಒಂದೇ ಪದ ಎರಡು ಸಲ ಇದ್ದಾಗ ಒಂದು ತಿದ್ದುಪಡಿ ಸದ್ದಿಲ್ಲದೆ ಮಾಯವಾಗುತ್ತದೆ. ಒಂದೊಂದೇ ಜೋಡಿ ನಡೆಸುವಾಗ ಇದು ಅಪರೂಪ. ಆದರೆ ವೇಗಕ್ಕೆಂದು ಸಾವಿರ ಜೋಡಿ ಒಟ್ಟಿಗೆ ಕಟ್ಟಿದರೆ ‘ಮತ್ತು’ ಅದರಲ್ಲಿ ಎಷ್ಟೋ ಸಲ ಸುಳ್ಳು ಪದವಾಗಿ ಬಂದಿರುತ್ತದೆ. ಅಷ್ಟರಲ್ಲಿ ಕೊನೆಯದೊಂದೇ ಲೆಕ್ಕಕ್ಕೆ ಬರುತ್ತದೆ. ಕಟ್ಟಿನ ಗಾತ್ರ ಬದಲಿಸಿದರೆ ನೆರೆಪದಗಳೂ ವಿಚಿತ್ರವಾಗಿ ಬದಲಾಗುತ್ತಿವೆ ಅಂದರೆ ಮೊದಲು ಈ ಸಾಲನ್ನು ನೋಡಿ.

ಎರಡನೇ ಹಿತ್ತಲ ಬಾಗಿಲು ಇರುವುದು ಪೈಟಾರ್ಚ್ ಬಳಸುವವರಿಗೆ. `nn.Embedding` ಅನ್ನು ಸುಮ್ನೆ ಹಾಗೇ ಬಳಸಿದರೆ, ಮುಟ್ಟಿದ್ದು ಏಳು ಸಾಲಾದರೂ ತಿದ್ದುಪಡಿಯ ಕೋಷ್ಟಕ ಇಡೀ ಪದಪಟ್ಟಿಯಷ್ಟು ದೊಡ್ಡದಾಗಿ ಹುಟ್ಟುತ್ತದೆ. ಹೆಚ್ಚು ಕಡಿಮೆ ಎಲ್ಲ ಸೊನ್ನೆ, ಆದರೂ ಹೊರಬೇಕು. ಜೊತೆಗೆ ಮಾಮೂಲಿ ಆಡಮ್ ಹಾಕಿದರೆ ಅದು ಪ್ರತಿ ಹೆಜ್ಜೆಗೂ ಎಲ್ಲ ಸಾಲುಗಳನ್ನೂ ಸವರಿಕೊಂಡು ಹೋಗುತ್ತದೆ. ನಮ್ಮ ಉಳಿದಿಬ್ಬರು ಸಿಕ್ಕಿಬಿದ್ದದ್ದು ಇಲ್ಲಿ. `sparse=True` ಕೊಟ್ಟು, `SGD` ಅಥವಾ `SparseAdam` ಬಳಸಿ.

ಖರ್ಚು ನಿಜವಾಗಿ ಉಳಿದಿದೆಯಾ ಎಂದು ತಿಳಿಯಲು ಒಂದು ಉಪಾಯ ಇದೆ. ಪದಪಟ್ಟಿಗೆ ಸುಮ್ನೆ 50,000 ಹುಸಿ ಪದ ಸೇರಿಸಿ, ಸಾವಿರ ಹೆಜ್ಜೆಗೆ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಹೊತ್ತು ಹೆಚ್ಚು ಕಡಿಮೆ ಹಾಗೇ ಇದ್ದರೆ ಸರಿ. ದುಪ್ಪಟ್ಟಾದರೆ ಎಲ್ಲೋ ಬಾಗಿಲು ತೆರೆದಿದೆ.

## 7. ಶುರುವಿನ ಬೆಲೆಗಳು ಮತ್ತು ಲಾಸ್ ಹೇಳುವ ಸುದ್ದಿ

ಮಿಕೊಲೊವ್ ತಂಡದ ಮೂಲ ಸಿ ಕೋಡಿನಲ್ಲಿ `V` ಚಿಕ್ಕ ಯಾದೃಚ್ಛಿಕ ಅಂಕಿಗಳಿಂದ ಶುರುವಾಗುತ್ತದೆ. ವೆಕ್ಟರಿನ ಉದ್ದ 100 ಆದರೆ −0.005ರಿಂದ 0.005ರ ನಡುವೆ. `U` ಪೂರ್ತಿ ಸೊನ್ನೆ. ಲರ್ನಿಂಗ್ ರೇಟ್ 0.025ರಿಂದ ಶುರುವಾಗಿ ನೇರವಾಗಿ ಇಳಿಯುತ್ತಾ ಹೋಗುತ್ತದೆ. ಎರಡನ್ನೂ ಸೊನ್ನೆ ಮಾಡಿದರೆ ಕತೆ ಮುಗಿಯಿತು. ಒಂದನ್ನು ತಿದ್ದಲು ಇನ್ನೊಂದರ ಅಂಕಿ ಬೇಕು, ಎರಡೂ ಕಡೆ ಸೊನ್ನೆ ಇದ್ದರೆ ಯಾರೂ ಅಲುಗಾಡುವುದಿಲ್ಲ.

ಶುರುವಿನಲ್ಲಿ ಎಲ್ಲ ಅಂಕ ಸೊನ್ನೆ, ಸಿಗ್ಮಾಯ್ಡ್ ಎಲ್ಲದಕ್ಕೂ 0.5. ಆದ್ದರಿಂದ ಲಾಸ್ `(k+1) × 0.693`. `k` ಐದಾದರೆ 4.159. ನಿಮ್ಮ ಮೊದಲ ಲಾಸ್ ಇದಲ್ಲದಿದ್ದರೆ ಸೂತ್ರದಲ್ಲೇ ತಪ್ಪಿದೆ.

ಅದು 4.159ರಲ್ಲೇ ಒಂದಿಷ್ಟು ಹೊತ್ತು ಕೂತರೆ ಗಾಬರಿ ಬೇಡ. ಅಂಕಿಗಳು ಅಷ್ಟು ಚಿಕ್ಕವು, ಬೆಳೆಯಲು ಸಮಯ ಬೇಕು. `U` ವೆಕ್ಟರುಗಳ ಉದ್ದ ಅಳೆದು ನೋಡಿ. ಬೆಳೆಯುತ್ತಿದ್ದರೆ ಕಾಯಿರಿ, ಸೊನ್ನೆಯೇ ಇದ್ದರೆ ನಿಲ್ಲಿಸಿ. ಲಾಸ್ ಏರುತ್ತಿದ್ದರೆ `y - s` ಬದಲು `s - y` ಬರೆದಿರಬಹುದು. ಬೇಗನೆ ಸೊನ್ನೆ ಮುಟ್ಟಿದರೆ ಸುಳ್ಳು ಪದಗಳು ಒಳಗೆ ಬರುತ್ತಲೇ ಇಲ್ಲ.

`k` ಬೇರೆ ಬೇರೆ ಇಟ್ಟು ಲಾಸ್ ಹೋಲಿಸಬೇಡಿ. ಹತ್ತು ಸುಳ್ಳು ಪದಗಳ ಲಾಸ್ ಐದರದ್ದಕ್ಕಿಂತ ಜಾಸ್ತಿ ಬರುವುದು ಸಹಜ, ಕೂಡುವ ಸಾಲುಗಳೇ ಜಾಸ್ತಿ ಅಲ್ವಾ.

## 8. ನೆರೆಪದ ಹುಡುಕುವಾಗ ಯಾವ ಕೋಷ್ಟಕ?

ಕಲಿಸಿದ್ದು ಮುಗಿದ ಮೇಲೆ `V` ಒಂದನ್ನೇ ಇಟ್ಟುಕೊಂಡು, ಅದರೊಳಗೇ ಕೋಸೈನ್ ಹೋಲಿಕೆ ನೋಡಿ. `V` ಮತ್ತು `U` ನಡುವೆ ಗುಣಿಸಿದರೆ ಬೇರೆ ಉತ್ತರ ಸಿಗುತ್ತದೆ. ಅಲ್ಲಿ ಇಡ್ಲಿಯ ಪಕ್ಕದಲ್ಲಿ ಕೂರುವ ಪದ ಬರುತ್ತದೆ: ಸಾಂಬಾರ್, ಬಿಸಿ, ತಿಂದೆವು. `V` ಒಳಗೆ ಹುಡುಕಿದರೆ ಇಡ್ಲಿಯ ಜಾಗದಲ್ಲಿ ಕೂರಬಲ್ಲ ಪದ ಬರುತ್ತದೆ: ದೋಸೆ, ಉಪ್ಪಿಟ್ಟು. ನಮ್ಮಲ್ಲೊಬ್ಬಳು ‘ದೋಸೆ ಬರ್ತಾನೇ ಇಲ್ಲ, ಬರೀ ಚಟ್ನಿ ಬರ್ತಿದೆ’ ಎಂದು ಗೊಣಗುತ್ತಿದ್ದಳು. ಕಲಿಕೆ ಸರಿಯಾಗೇ ಇತ್ತು, ಹುಡುಕಿದ ಕೋಷ್ಟಕ ತಪ್ಪಿತ್ತು.

ಇನ್ನೊಂದು ತಪ್ಪು: ಸಿಗ್ಮಾಯ್ಡ್ ಕೊಟ್ಟ ಅಂಕಿಯನ್ನು ‘ಇಡ್ಲಿ ಆದ ಮೇಲೆ ಸಾಂಬಾರ್ ಬರುವ ಸಂಭವ’ ಎಂದು ಓದುವುದು. ಅದು ಆ ಸಂಭವ ಅಲ್ಲ. ಮೊತ್ತದಿಂದ ಭಾಗಿಸುವುದನ್ನು ಬಿಟ್ಟಾಗಲೇ ಆ ಅರ್ಥವನ್ನೂ ಬಿಟ್ಟೆವು. ಎಲ್ಲ ಪದಗಳ ಅಂಕಿ ಕೂಡಿದರೆ ಒಂದು ಬರುವುದಿಲ್ಲ. ಒಂದು ನಿಜಕ್ಕೆ ಐದು ಸುಳ್ಳು ಕೊಟ್ಟಿದ್ದೇವೆ. ಹಾಗಾಗಿ ಸುಮ್ನೆ ಕಾಕತಾಳೀಯವಾಗಿ ಒಟ್ಟಿಗೆ ಬರುವ ಜೋಡಿಗೆ ಸಿಗ್ಮಾಯ್ಡ್ ಹೆಚ್ಚು ಕಡಿಮೆ ಆರರಲ್ಲಿ ಒಂದು, ಅಂದರೆ 0.17ರ ಸುತ್ತ ನಿಲ್ಲುತ್ತದೆ. ಅದಕ್ಕಿಂತ ಮೇಲಿದ್ದರೆ ನಂಟಿದೆ, ಕೆಳಗಿದ್ದರೆ ಇಲ್ಲ. 2014ರಲ್ಲಿ ಲೆವಿ ಮತ್ತು ಗೋಲ್ಡ್‌ಬರ್ಗ್ ಇದನ್ನೇ ಗಣಿತದಲ್ಲಿ ತೋರಿಸಿದರು. ಅಂಕ ಹೋಗಿ ಸೇರಲು ನೋಡುವುದು ಎರಡು ಪದಗಳು ಒಟ್ಟಿಗೆ ಬರುವ ಬಲದಿಂದ `log k` ಕಳೆದ ಜಾಗಕ್ಕೆ. ವಾಕ್ಯದ ಸಂಭವ ಬೇಕೆಂದರೆ ಈ ವಿಧಾನ ಬೇಡ.

ಕೊನೆಗೆ ಕನ್ನಡದ್ದೇ ಒಂದು ತೊಡಕು. ‘ಪುಣೆ’, ‘ಪುಣೆಗೆ’, ‘ಪುಣೆಯಲ್ಲಿ’, ‘ಪುಣೆಯಿಂದ’ ಈ ಪ್ರೋಗ್ರಾಮಿಗೆ ನಾಲ್ಕು ಬೇರೆ ಪದಗಳು. ಚಿಕ್ಕ ಪಠ್ಯದಲ್ಲಿ ‘ಪುಣೆಗೆ’ ಹತ್ತಿರ ‘ಪುಣೆ’ ಬರದೆ ‘ಮುಂಬಯಿಗೆ’, ‘ಊರಿಗೆ’ ಬಂದರೆ ಅದು ತಪ್ಪಲ್ಲ. ಪಕ್ಕದಲ್ಲಿ ‘ಹೋದೆ’, ‘ಬಂದೆ’ ಕೂತಿದ್ದನ್ನು ನೋಡಿಯೇ ಅದು ಕಲಿತಿದೆ. ನಿಮಗೆ ಊರಿನ ಹೆಸರೇ ಒಟ್ಟಾಗಿ ಬೇಕಿದ್ದರೆ ವಿಂಡೋವನ್ನು 2ರಿಂದ 5ಕ್ಕೆ ಹಿಗ್ಗಿಸಿ ನೋಡಿ, ಇಲ್ಲವೇ 1ನೇ ಹಂತಕ್ಕೆ ವಾಪಸ್ ಹೋಗಿ ವಿಭಕ್ತಿ ಪ್ರತ್ಯಯಗಳನ್ನು ಬೇರ್ಪಡಿಸಿ.